ಮಗ್ಗ ನಿಂತ ಮೇಲೆ ಕೇಳಿಸಿದ್ದು

ಸಪ್ಪಳ ನಿಂತಿತು, ಆಡುತ್ತಿದ್ದ ಲಾಳಿ ನಡುವೆಯೇ ನಿಂತಿತು, ಹುಚ್ಚೇಶ ಮಗ್ಗದ ಕುಣಿಯಿಂದ ಕಾಲು ಮೇಲೆ ತೆಗೆದು ಬರ್ರಿ ಅಕ್ಕೋರ ಕುಂಡ್ರಿ ಅನ್ನುತ್ತಿದ್ದಾನೆ, ಯಮನವ್ವ ಗೋಡೆಗೆ ಒರಗಿಸಿದ್ದ ಚಾಪೆ ಬಿಚ್ಚುತ್ತಿದ್ದಾಳೆ, ಟೀಚರ್ ಮುಬಶೀರಾಗೆ ಮಾತ್ರ ಕಿವಿಯಲ್ಲಿ ಖಟಕ್ ಪಟಕ್ ಇನ್ನೂ ಮುಗಿದಿಲ್ಲ – ಹೀಗೇ ಆಗಿತ್ತಲ್ಲ ಸೋಮವಾರ, ಕರೆಂಟ್ ಹೋಗಿ ಫ್ಯಾನು ನಿಂತು, ಶಾಲೆಯ ಹಿಂದಿನ ಶೆಡ್ಡಿನ ವಿದ್ಯುತ್ ಮಗ್ಗಗಳೆಲ್ಲ ಒಟ್ಟಿಗೇ ಸುಮ್ಮನಾದ ಮೇಲೂ ತರಗತಿಯೊಳಗೆ ನಾಲ್ಕು ಹೊಡೆತ ಹಾಗೇ ಉಳಿದಿದ್ದವು, ಖಟಕ್ ಪಟಕ್ ಖಟಕ್ ಪಟಕ್, ಬೆಂಚಿನ ಕೆಳಗೆ ಮಕ್ಕಳ ಕಾಲು, ಹಿಮ್ಮಡಿ ಆಮೇಲೆ ಬೆರಳು, ಹಿಮ್ಮಡಿ ಆಮೇಲೆ ಬೆರಳು, ಮತ್ತು ಇವರ ಮಗಳು ಸುಶ್ಮಿತಾ ಪುಸ್ತಕ ಹಿಡಿದು ನಿಂತಿದ್ದಳು. ಇಳಕಲ್ಲಿನಲ್ಲಿ ಮಗ್ಗದ ಸಪ್ಪಳವನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಉಸಿರಾಟ ಕೇಳಿಸುತ್ತದೆಯೇ, ಅದು ಕಿಟಕಿಯಿಂದ ಬರುತ್ತದೆ ಅಂದುಕೊಂಡೇ ಮೂರು ತಿಂಗಳು ಪಾಠ ಮಾಡಿದ್ದಾಯಿತು. ಚಹಾ ತಗೋರಿ. ಬ್ಯಾಡ್ರಿ ಯಮನವ್ವಾ, ಈಗ ಆತು. ಸುಶ್ಮಿತಾ ಎಲ್ಲಿ – ಗಿರಣಿಗೆ ಕಳಿಸೇವ್ರಿ, ಹಿಟ್ಟು ಹಾಕಿಸ್ಕೊಂಡು ಬರ್ತಾಳ, ನೀವು ಫೋನಿನ್ಯಾಗ ಅಂದಿದ್ರಲ್ಲ, ಮೊದಲ ನಮ್ಮ ಸಂಗಡ ಅಷ್ಟ ಮಾತಾಡ್ತೇನಿ ಅಂತ. ಹೌದು, ಅಂದಿದ್ದಳು. ವಾಟ್ಸಾಪಿನಲ್ಲಿ ಬರೆದು ಬರೆದು ಅಳಿಸಿದ್ದಳು, ಇಂಥದ್ದನ್ನು ಬರೆದು ಕಳಿಸಬಾರದು, ಎದುರಿಗೆ ಕೂತೇ ಹೇಳಬೇಕು, ಯಾವ ಮಾತು ಮೊದಲು, ಯಾವುದು ಆಮೇಲೆ, ಮಗಳು ಚೆನ್ನಾಗಿದ್ದಾಳೆ ಅನ್ನುವುದು ಮೊದಲು, ತಪ್ಪು ಅವಳದಲ್ಲ ಅನ್ನುವುದು ಕೂಡಲೇ ಎರಡನೆಯದು.

ಹೇಳಿದಳು. ಆರನೆಯ ತರಗತಿಯ ನಾಲ್ಕು ಮಕ್ಕಳು, ಸುಶ್ಮಿತಾ ಓದಲು ನಿಂತು ತೊದಲಿ ಮಾತು ತಡೆದಾಗಲೆಲ್ಲ ಕಾಲಿನಿಂದ ಮಗ್ಗದ ಸಪ್ಪಳ ಮಾಡುತ್ತಾರೆ, ನೀರಿನ ನಲ್ಲಿಯ ಹತ್ತಿರವೂ, ಊಟದ ಸಾಲಿನಲ್ಲಿಯೂ, ಒಂದು ಸಲವಲ್ಲ, ಜುಲೈಯಿಂದ. ಹೇಳುತ್ತಿರುವಾಗಲೇ ತನ್ನ ದನಿ ತನಗೇ ಯಾರದೋ ಅನಿಸುತ್ತದೆ, ವರದಿ ಓದುವವರ ದನಿ. ಯಮನವ್ವನ ಕೈ ಸೆರಗಿನ ತುದಿಯಲ್ಲಿ ನಿಂತಿದೆ. ಹೊಟ್ಟಿನೋವು ಅಂತಿದ್ಲು ನೋಡ್ರಿ, ಬೆಳಗಾದ್ರ ಹೊಟ್ಟಿನೋವು, ದವಾಖಾನಿಗೆ ಎರಡು ಸಲ ಹೋಗಿ ಬಂದ್ವಿ. ಸುಶ್ಮಿತಾ ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಏಳುವುದನ್ನು ಮುಬಶೀರಾ ನೋಡಿದ್ದಳು, ನೋಡಿ ಸಾಂಬಾರು ಖಾರವಾಗಿರಬೇಕು ಅಂದುಕೊಂಡಿದ್ದಳು.

ಯಾರ ಮಕ್ಕಳ್ರಿ ಅವು. ಹುಚ್ಚೇಶನ ಪ್ರಶ್ನೆ ಬಂದೇ ಬಂತು, ದಾರಿಯುದ್ದಕ್ಕೂ ಅದಕ್ಕೇ ತಾನೇ ಉತ್ತರ ಕಟ್ಟಿಕೊಂಡು ಬಂದದ್ದು. ಹೆಸರು ಹೇಳೂದಿಲ್ರಿ, ಅವರ ತಂದಿ-ತಾಯಿನ್ನ ಒಬ್ಬೊಬ್ರನ್ನ ಬ್ಯಾರೆ ಬ್ಯಾರೆ ಕರೆಸೇವಿ, ನಿಮ್ಮ ಮಗಳ ಹೆಸರೂ ಅಲ್ಲಿ ಬರೂದಿಲ್ಲ, ನೀವು ಆ ಮನಿಗಳಿಗೆ ಹೋದ್ರ ನಾಳೆ ಅದನ್ನ ಹಿಡದ ಮತ್ತೊಂದು ಕಾಡ್ತಾರ. ಅವನು ಲಾಳಿಯನ್ನು ಕೈಗೆ ತೆಗೆದುಕೊಂಡು ತಿರುಗಿಸುತ್ತಾನೆ. ಹೊಡದ್ರೇನ್ರಿ ಅವಕ್ಕ? ಇಲ್ಲ. ಹೊಡೆಯಲಿಲ್ಲ, ತರಗತಿಯ ಮುಂದೆ ನಿಲ್ಲಿಸಿ ತಪ್ಪಾಯ್ತು ಎಂದು ಹೇಳಿಸಲಿಲ್ಲ, ಹಾಗೆ ಹೇಳಿಸಿದ್ದರೆ ಮೂವತ್ತೆರಡು ಮಕ್ಕಳು ಮತ್ತೊಮ್ಮೆ ಸುಶ್ಮಿತಾಳನ್ನೇ ತಿರುಗಿ ನೋಡುತ್ತಿದ್ದರು. ಸೋಮವಾರ ಮಧ್ಯಾಹ್ನ ಮೊದಲು ಅವಳೊಬ್ಬಳನ್ನೇ ಗ್ರಂಥಾಲಯದ ಕೋಣೆಗೆ ಕರೆದು ಕೇಳಿದ್ದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ದಿನಾಂಕ ಹಾಕಿ ಬರೆದದ್ದು, ಸಂಜೆಯೇ ಹೆಡ್‌ಮಾಸ್ತರರಿಗೆ ತಿಳಿಸಿದ್ದು, ಮರುದಿನ ಆ ನಾಲ್ವರನ್ನು ಒಬ್ಬೊಬ್ಬರಾಗಿ ಕೂರಿಸಿ ನೀನು ಏನು ಮಾಡಿದೆ, ಅವಳಿಗೆ ಏನಾಯಿತು ಎಂದು ಕೇಳಿದ್ದು – ಒಬ್ಬ ಅತ್ತ, ಒಬ್ಬ ನಾ ಸುಮ್ನ ಆಟಾ ಅಂತ ಮಾಡ್ದೇನ್ರಿ ಅಂದ, ಇಬ್ಬರು ನೆಲ ನೋಡಿದರು. ಜಾಗ ಬದಲಿಸಿದ್ದು ಅವರದು, ಇವಳದಲ್ಲ, ಇವಳನ್ನು ಎಬ್ಬಿಸಿದರೆ ಶಿಕ್ಷೆ ಇವಳಿಗೇ ಆದಂತೆ. ಈಗ ಯಾರನ್ನೂ ಹೆಸರು ಕೂಗಿ ಎಬ್ಬಿಸುವುದಿಲ್ಲ, ಎಲ್ಲರೂ ಜೋಡಿ ಜೋಡಿಯಾಗಿ ಓದುತ್ತಾರೆ, ಒಬ್ಬಳೇ ಓದಬೇಕೆನಿಸಿದ ದಿನ ಸುಶ್ಮಿತಾ ತಾನಾಗಿ ಕೈ ಎತ್ತಲಿ. ಗುರುವಾರ ಹುನಗುಂದದಿಂದ ವಿಶೇಷ ಶಿಕ್ಷಕರು ಬರುತ್ತಾರೆ, ಮಾತಿನ ತರಬೇತಿಗೆ ಎಲ್ಲಿಗೆ ಕರೆದೊಯ್ಯಬೇಕು ಅವರೇ ಹೇಳುತ್ತಾರೆ. ಮನೆಯಲ್ಲಿ ಅವಳ ಮಾತನ್ನು ನೀವು ಪೂರ್ತಿ ಮಾಡಬೇಡಿ, ಕಾಯಿರಿ. ಹದಿನೈದು ದಿನಕ್ಕೆ ನಾನೇ ಮತ್ತೆ ಬರುತ್ತೇನೆ, ಅಷ್ಟರೊಳಗೆ ಮತ್ತೆ ಆದರೆ ಅಂದೇ ಫೋನು ಮಾಡುತ್ತೇನೆ.

ಎಲ್ಲ ಹೇಳಿಯಾಯಿತು, ಒಂದನ್ನು ಬಿಟ್ಟು, ಆ ಒಂದು ನಾಲಿಗೆಯ ಬುಡದಲ್ಲಿ ಕೂತಿದೆ. ಅಷ್ಟರಲ್ಲಿ ಹುಚ್ಚೇಶ, ಕೆಳಗೆ ನೋಡುತ್ತ, ಸಾಕ್ರಿ ಅಕ್ಕೋರ, ಹೆಣ್ಣುಡುಗಿ, ಓದು-ಬರಹ ಬರ್ತದಲ್ಲ, ಸಾಲಿ ಬಿಡಿಸಿ ಬಿಡ್ತೇವಿ, ಅವ್ವನ ಕೈಯಾಗ ನೂಲಿನ ಕಂಡಿಕಿ ಸುತ್ತಲಿ, ಮನ್ಯಾಗ ಯಾರೂ ನಗೂದಿಲ್ಲ. ಇದನ್ನೇ ಹೇಳಿತ್ತು ಮಗು, ಗ್ರಂಥಾಲಯದ ಕೋಣೆಯಲ್ಲಿ, ಅಪ್ಪಗ ಹೇ-ಹೇಳಬ್ಯಾಡ್ರಿ, ಸಾಲಿ ಬಿಡಸ್ತಾನ. ಹೇಳದೆ ಇರಲಾಗದು, ಆದರೆ ಸಾಲಿ ಬಿಡಿಸಲು ನಾ ಬಿಡೂದಿಲ್ಲ ಎಂದು ಮಾತು ಕೊಟ್ಟಿದ್ದಳು ಮುಬಶೀರಾ, ಯಾವ ಬಲದ ಮೇಲೆ ಕೊಟ್ಟಳೋ. ನಿನಗ ಮೊದಲ ದಿನಾನ ನನಗ ಬಂದು ಹೇಳಬೇಕು ಅನಸಲಿಲ್ಲೇನು ಎಂದೂ ಕೇಳಿದ್ದಳು, ಕೇಳಬಾರದಿತ್ತು. ಮಗು ಅವಳನ್ನು ಆಶ್ಚರ್ಯದಿಂದ ನೋಡಿತು.

"ನಿಮಗ ಗೊ-ಗೊತ್ತಿತ್ತಲ್ರಿ ಟೀಚರ್. ನೀವೂ ಅಲ್ಲೇ ಇ-ಇದ್ರಿ."

ಮೂರು ತಿಂಗಳು ಆ ಮಗು ಟೀಚರಿಗೆ ಕೇಳಿಸುತ್ತಿದೆ, ಟೀಚರಿಗೂ ಒಪ್ಪಿಗೆ ಇದೆ ಅಂದುಕೊಂಡೇ ಎದ್ದು ನಿಂತಿತ್ತು. ಮಲಪ್ರಭಾ ನದಿಯ ಪಾಠ, ಮ ದಾಟುತ್ತಿರಲಿಲ್ಲ, ಬೆರಳು ಮ ಅಕ್ಷರದ ಕೆಳಗೆ, ಉಗುರು ಬಿಳಿಚಿ. ಮುಂದ ಓದು ಸುಶ್ಮಿತಾ, ಧೈರ್ಯ ಮಾಡು, ಎಂದು ಹಲಗೆಯ ಹತ್ತಿರ ನಿಂತು ತಾನೇ ಹೇಳಿದ್ದು, ಖಟಕ್ ಪಟಕ್, ಮುಂದ ಓದು.

"ಹುಚ್ಚೇಶ ಅವರ, ನಾ ಅಲ್ಲೇ ಇದ್ದೆ," ಅಂದಳು. "ಆ ಸಪ್ಪಳ ನನಗ ದಿನಾ ಕೇಳ್ತಿತ್ತು. ಹೊರಗಿನ ಮಗ್ಗ ಅಂದುಕೊಂಡೆ. ತಪ್ಪು ನಂದು. ಆಕಿ ಸಾಲಿ ಬಿಟ್ರ ನನ್ನ ತಪ್ಪಿಗೆ ಆಕಿ ಶಿಕ್ಷಾ ಉಂಡಂಗ ಆಗ್ತದ."

ಹುಚ್ಚೇಶ ಬೈದಿದ್ದರೆ ಆಗುತ್ತಿತ್ತು, ಬೈಯಲಿಲ್ಲ, ಯಮನವ್ವನನ್ನು ನೋಡಿದ, ಅವಳು ಅವನನ್ನು. ಆಮೇಲೆ ಯಮನವ್ವನೇ ಮೆಲ್ಲಗೆ ಹೇಳಿದ್ದು, ಮೊದಲೆಲ್ಲ ಇಲ್ಲೇ ಕುಣಿ ಬಾಜೂಕ ಕುಂತು ಓದ್ತಿದ್ಲು ಅಕ್ಕೋರ, ಇವರು ಮಗ್ಗಾ ಹೊಡೆಯೂವಾಗ ಆ ಹೊಡತಕ್ಕ ಸರಿಯಾಗಿ ಒಂದೊಂದ ಶಬ್ದ, ಎಲ್ಲೂ ತಡೀತಿರಲಿಲ್ಲ, ನೀರು ಹರದಂಗ ಓದ್ತಿದ್ಲು, ಈಗ ಎರಡ ಮೂರ ತಿಂಗಳಾತು, ಮಗ್ಗಾ ಸುರು ಆದ್ರ ಸಾಕು, ಕಿವಿ ಮುಚ್ಚಿಕೊಂಡು ಹಿತ್ತಲಕ್ಕ ಓಡ್ತಾಳ. ಅಂದರೆ ಅವಳಿಗಿದ್ದದ್ದು ಅದೊಂದೇ, ಜಗತ್ತಿನಲ್ಲಿ ಮಾತು ತಡೆಯದ ಒಂದೇ ಜಾಗ, ಅಪ್ಪನ ಮಗ್ಗದ ಪಕ್ಕ, ಅದನ್ನೇ ಕಿತ್ತು ಬೆಂಚಿನ ಕೆಳಗೆ ಹಾಕಿ ತುಳಿದರು, ತಾನು ಹಲಗೆಯ ಹತ್ತಿರ ನಿಂತಿದ್ದಳು, ಕೈಯಲ್ಲಿ ಸೀಮೆಸುಣ್ಣ.

"ನಾಳೆ ಬರ್ತಾಳ್ರಿ," ಅಂದ ಹುಚ್ಚೇಶ. "ಕಳಸ್ತೇನಿ. ಆದ್ರ ಅಕ್ಕೋರ, ಮತ್ತ ಹಂಗ ಮಾಡಿದ್ರ, ನಿಮಗ ಕೇಳಸ್ತದೇನ್ರಿ?"

ಈಗ ಹಿಂದಿನ ಬೆಂಚಿನ ಹತ್ತಿರ ನಿಲ್ಲುತ್ತೇನೆ, ಪಾಠದ ಹೊತ್ತಿನಲ್ಲಿ ಶೆಡ್ಡಿನ ಕಡೆಯ ಕಿಟಕಿ ಮುಚ್ಚಿಸುತ್ತೇನೆ ಎಂದಳು, ಎಂದದ್ದು ನಿಜವೇ, ಆದರೂ ಉತ್ತರ ಅಲ್ಲವೆನಿಸಿತು. ಓಣಿಗೆ ಬಂದಳು. ಹಿಟ್ಟಿನ ಡಬ್ಬಿ ಹೊತ್ತು ಸುಶ್ಮಿತಾ ಎದುರಿಗೆ ಬರುತ್ತಿದ್ದಾಳೆ, ನಾಳೆ ಬರ್ತೀಯಲ್ಲ ಎಂದರೆ ತಲೆ ಆಡಿಸುತ್ತಾಳೆ, ನಗುವುದಿಲ್ಲ, ಒಳಗೆ ಹೋಗುತ್ತಾಳೆ. ಆ ಮನೆಯಲ್ಲಿ ಮಗ್ಗ ಶುರುವಾಗಲಿಲ್ಲ, ಮುಬಶೀರಾ ನಿಂತು ಕಾದಳು, ಶುರುವಾಗಲಿಲ್ಲ, ಉಳಿದ ಮನೆಗಳಲ್ಲೆಲ್ಲ ನಡೆದಿವೆ, ಎಡಗಡೆ, ಬಲಗಡೆ, ಖಟಕ್ ಪಟಕ್, ಇದು ಮಗ್ಗ, ಇದೂ ಮಗ್ಗವೇ, ಇದು ಯಾರ ಕಾಲು, ಎಷ್ಟು ವರ್ಷಗಳಿಂದ, ಎಷ್ಟು ತರಗತಿಗಳಲ್ಲಿ, ಯಾವ ಯಾವ ಮಗು ಎದ್ದು ನಿಂತಿತ್ತು, ಧೈರ್ಯ ಮಾಡು ಎಂದು ಎಷ್ಟು ಮಕ್ಕಳಿಗೆ – ಕಣ್ಣೆದುರು ಮ ಅಕ್ಷರದ ಕೆಳಗೆ ಸುಶ್ಮಿತಾಳ ಬೆರಳು, ಉಗುರು ಬಿಳಿಚಿದೆ, ಮುಂದೆ ಸರಿಯುವುದಿಲ್ಲ, ಮ, ಬೆರಳು, ಸರಿಯುವುದಿಲ್ಲ