ಇಳಿಯದ ನಗು

“ಏನಜ್ಜಿ, ಇವತ್ತು ತಾತನ್ನ ಎಲ್ಲಿ ಬುಟ್ಬುಟ್ಟು ಬಂದೆ?”

ಚಾಮರಾಜನಗರದ ತಾಲ್ಲೂಕು ಕಚೇರಿಯ ಪಿಂಚಣಿ ಕೌಂಟರಿನಲ್ಲಿ ಗುಮಾಸ್ತ ಸುಧಾಕರ ಇಂಥ ಮಾತಾಡದ ದಿನವಿಲ್ಲ. ಉಡಿಗಾಲದ ಪುಟ್ಟಸಿದ್ದಮ್ಮ ಅಲ್ಲಿಗೆ ಯಾವತ್ತೂ ಗಂಡ ಮಾರಯ್ಯನನ್ನು ಬಿಟ್ಟು ಬಂದವಳಲ್ಲ. ಅವರಿಬ್ಬರನ್ನು ರೇಗಿಸದೆ ಅವನು ಕಳಿಸಿದವನೂ ಅಲ್ಲ. ಸಾಲಿನಲ್ಲಿದ್ದವರು ಆಗಲೇ ನಗಲು ಸಿದ್ಧರಾಗಿದ್ದರು.

“ಮಣ್ಗೆ ಬುಟ್ಬುಟ್ಟು ಬಂದೆ ಕಣಪ್ಪ. ತಿಥಿನೂ ಆಯ್ತು. ವಿಧವಾ ವೇತನುಕ್ಕೆ ಏನ್ ಮಾಡ್ಬೇಕು ಕೇಳನ ಅಂತ ಬಂದೆ.”

ತಾನೇನು ಕೇಳಿಬಿಟ್ಟೆ ಎಂದು ಸುಧಾಕರನಿಗೆ ಹೊಳೆಯಿತು. ಮುಖದ ಮೇಲಿನ ನಗು ಮಾತ್ರ ಇಳಿಯಲಿಲ್ಲ. ತುಟಿ ಮುಚ್ಚಲು ನೋಡಿದ, ಕೆನ್ನೆ ಕೇಳಲಿಲ್ಲ. ಕೊನೆಗೆ ಕೈಯಿಂದ ಬಾಯಿ ಒರೆಸಿಕೊಂಡು ತಲೆ ತಗ್ಗಿಸಿ, ಮರಣ ಪತ್ರ, ರೇಷನ್ ಕಾರ್ಡಿನ ನಕಲು, ಒಂದು ಫೋಟೋ ಎಂದು ಹೇಳಿದ. ಹೇಳಿದ್ದನ್ನೇ ಮತ್ತೆ ಹೇಳಿದ್ದು ಅವನಿಗೆ ಗೊತ್ತಾಗಲಿಲ್ಲ.

ಮುದುಕಿ ಸಿಟ್ಟಾಗಲಿಲ್ಲ. ಅವನನ್ನೇ ನೋಡುತ್ತ, “ನಿಂಗೂ ಸಾಕಾಗ್ಯದೆ ಕಣ್ಮಗ. ವಸಿ ಸುಮ್ಕೆ ಕುಂತ್ಕೊ,” ಎಂದಳು.

“ನಂಗೇನಜ್ಜಿ, ಗುಂಡ್ಕಲ್ಲಂಗಿವ್ನಿ!”

ಸಾಲು ನಕ್ಕಿತು. ಮುದುಕಿ ನಗಲಿಲ್ಲ.

ಸುಧಾಕರನನ್ನು ಮೆಚ್ಚದವರಿಲ್ಲ, ಮೆಚ್ಚಬೇಕಾದ್ದೇ. ದಿನಾ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನಿಂತು ಬಂದು, ಬೇರೆಯವರು ‘ನಾಳೆ ಬಾ’ ಎಂದು ಅಟ್ಟಿದವರನ್ನೆಲ್ಲ ತಾನು ಕೂರಿಸಿಕೊಂಡು ಕೆಲಸ ಮಾಡಿಕೊಡುತ್ತಿದ್ದ. ಕಚೇರಿಯಲ್ಲಿ ಜಗಳ ಹತ್ತಿದರೆ ಅವನೇ ಬೇಕು, ಬೀಳ್ಕೊಡುಗೆಯ ದಿನ ಮೈಕು ಹಿಡಿಯಲೂ ಅವನೇ ಬೇಕು. ಇಂಥವರಿಂದಲೇ ಮಳೆ ಬೆಳೆ ಆಗುವುದು ಅನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಕೋಳಿ ಕೂಗುವ ಮುಂಚೆ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತದೆ ಅವನು ಜಂತೆ ನೋಡುತ್ತ ಮಲಗಿರುತ್ತಿದ್ದ. ಮಲಗಿ ಎದ್ದರೂ ಮೈ ಮಲಗಿರಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದು ಹೆಂಡತಿ ಬೃಂದಾ ತಾನೇ ಹೇಳುವವರೆಗೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಭಾನುವಾರ ಸ್ನಾನಕ್ಕೆ ಏಳುವುದೆಂದರೆ ಬೆಟ್ಟ ಹತ್ತಿದಷ್ಟು. ಯಾರನ್ನಾದರೂ ನಗಿಸಿದಾಗ ಒಂದು ಗಳಿಗೆ ಹಗುರ ಅನ್ನಿಸುತ್ತಿತ್ತು, ಆಮೇಲೆ ಮೊದಲಿಗಿಂತ ಭಾರ. ಹಾಗಾಗಿ ಮತ್ತೊಬ್ಬರನ್ನು ನಗಿಸುತ್ತಿದ್ದ.

ಇದಕ್ಕೆ ದಣಿವು ಎಂಬ ಹೆಸರು ಕೊಡಲು ಅವನಿಗೆ ನಾಚಿಕೆ. ಅಪ್ಪ ಭೀಮನಬೀಡಿನಲ್ಲಿ ಕಂಡವರ ಹೊಲ ಅಗೆದು ಅವನನ್ನು ಓದಿಸಿದ್ದ. ದಣಿಯುವುದು ಅಪ್ಪನಂಥವರ ಹಕ್ಕು. ಫ್ಯಾನಿನ ಕೆಳಗೆ ಕೂತವನಿಗೆ ಎಂಥ ದಣಿವು?

ಊಟದ ಹೊತ್ತಿನಲ್ಲಿ ಶಿರಸ್ತೇದಾರ್ ಶಂಭುಲಿಂಗಪ್ಪ ಅವನನ್ನು ಒಳಗೆ ಕರೆದರು. ಬಾಗಿಲು ತಾವೇ ಮುಂದೆ ಮಾಡಿದರು.

“ರೆಕಾರ್ಡ್ ರೂಮಿಗೆ ಒಬ್ಬರು ಬೇಕು. ನೀವು ಕೌಂಟರ್‌ನಲ್ಲಿ ಕೂತು ವರ್ಷಗಳಾಯ್ತು. ಬೆಳಗ್ಗೆ ನಿಮ್ಮ ಮುಖ ನೋಡಿದೆ. ಸುಸ್ತಾಗಿದ್ರೆ ಹೇಳಿ ಸುಧಾಕರ್, ಇವತ್ತೇ ಹಾಕ್ತೀನಿ.”

ರೆಕಾರ್ಡ್ ರೂಮು. ದೂಳು, ಕಟ್ಟು ಕಟ್ಟು ಕಡತ, ಒಂದು ಕಿಟಕಿ. ನೋಡುವ ಮುಖಗಳಿಲ್ಲ. ಅಲ್ಲಿ ಕೂತರೆ ಬದುಕಿಕೊಳ್ಳುತ್ತೇನೆ ಅನ್ನಿಸಿತು. ‘ಹೌದು ಸಾರ್’ ಎಂದರೆ ಸಾಕಿತ್ತು.

“ಸಾರ್, ಅಲ್ಲಿರೋದು ಇಲಿಗಳು. ಅವನ್ನ ನಗ್ಸೋಕೆ ನನ್ ಕೈಲಾಗಲ್ಲ!”

ಅಂದದ್ದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಶಂಭುಲಿಂಗಪ್ಪನವರೂ ನಕ್ಕುಬಿಟ್ಟರು, ನೆಮ್ಮದಿಯಿಂದ. “ಸರಿ ಬಿಡಿ. ನಾನೇ ಏನೇನೋ ಅಂದ್ಕೊಂಡೆ. ಕಿರಣ್ ಕುಮಾರ್ ಕೇಳ್ತಿದ್ದ, ಅವನಿಗೇ ಕೊಡ್ತೀನಿ.”

“ಕೊಡಿ ಸಾರ್, ಪಾಪ ಅವ್ನಿಗೆ ಸುಸ್ತು,” ಎಂದ ಸುಧಾಕರ. ಹೊರಗೆ ಬಂದು ಗೋಡೆ ಹಿಡಿದು ನಿಂತ. ಯಾರೋ ಬರುವ ಸದ್ದಾಗಲು ಮುಖ ಸರಿಮಾಡಿಕೊಂಡ.

ಸಂಜೆ ಸಿಕ್ಕಿದ್ದು ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ ಬಸ್ಸು. ಅಪರೂಪಕ್ಕೆ ಕಿಟಕಿಯ ಸೀಟು ಸಿಕ್ಕಿತು. ತಲೆ ಒರಗಿಸಿ ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ, ಕಣ್ಣು ತೆರೆಯಲೂ ಆಗಲಿಲ್ಲ.

“ಗುಂಡ್ಲುಪೇಟೆ! ಯಾರ್ರೀ ಗುಂಡ್ಲುಪೇಟೆ!”

ಕೇಳಿಸಿತು. ಏಳಬೇಕು ಎಂದುಕೊಂಡ. ಕಾಲಿಗೆ ಹೇಳಿದ, ಕಾಲು ಬೇರೆ ಯಾರದ್ದೋ ಆಗಿತ್ತು. ಯಾರಾದರೂ ಭುಜ ಅಲುಗಿಸಲಿ ಎಂದು ಜೀವ ಬಿಗಿಹಿಡಿದು ಕಾದ.

“ಇವ್ರು ಇಲ್ಲೇ ಇಳಿಯೋರು ಕಣ್ಲಾ, ಎಬ್ಸು,” ಎಂದಿತು ಹಿಂದಿನ ಸೀಟು.

ಇಳಿಯಲು ಹೊರಟ ಯಾರದ್ದೋ ಹೆಜ್ಜೆ ಹತ್ತಿರ ಬಂದು ನಿಂತಿತು.

“ಏಯ್, ಬುಡು. ನಿದ್ದೇಲೂ ಎಂಗ್ ನಗ್ತಾವ್ರೆ ನೋಡು. ಪುಣ್ಯವಂತ್ರು. ಇಷ್ಟ್ ಸುಖವಾಗಿ ನಗೋರು ಮುಂದಕ್ಕೇ ಓಗೋರಿರ್ಬೇಕು.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅವನನ್ನು ಹೊತ್ತುಕೊಂಡು ಕಾಡಿನ ಕಡೆ ತಿರುಗಿತು.