ಕತ್ತರಿಸಿ ಎಸೆದ ಚೂರು

ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ. ಆ ದಿನ ಬೆಳಿಗ್ಗೆಯೇ ಕಾದು ಕೆಂಡವಾಗಿತ್ತು. ನಮ್ಮ ಆಸ್ಪತ್ರೆಯ ಶ್ರವಣ ವಿಭಾಗದ ಮುಖ್ಯಸ್ಥರು ಪುಟಾಣಿಯ ವರದಿ ಬರೆದು ಮುಗಿಸಿದ್ದರು: ಆಪರೇಷನ್ ಮಾಡಿ ಇಂಪ್ಲಾಂಟ್ ಅನ್ನುವ ಶ್ರವಣ ಸಾಧನ ಕೂರಿಸಿದ ಕಿವಿಗೆ ಸ್ವರ ಮಾತ್ರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ, ಆದ್ದರಿಂದ ಎರಡನೇ ಕಿವಿಗೆ ಆಪರೇಷನ್ ಬೇಡ. ಮಧ್ಯಾಹ್ನ ಸರ್ಜನ್ನರ ಸಭೆ. ಅವರು ಹೂಂ ಅಂದರೆ ಆ ಮಗುವಿನ ಇನ್ನೊಂದು ಕಿವಿಯ ಕತೆ ಮುಗಿದ ಹಾಗೆ.

ಪುಟಾಣಿಗೆ ಮಾತು ಕಲಿಸುವವಳು ನಾನು. ಕಸೂತಿ ರಿಂಗಿಗೆ ತೆಳು ಕಪ್ಪು ಬಟ್ಟೆ ಬಿಗಿದು, ತುಟಿ ಕಾಣದಂತೆ ಹಿಡಿದು 'ಬಾ, ದಾ, ಗಾ' ಅಂದರೆ ಅವಳು ಹಾಗೇ ತಿರುಗಿ ಹೇಳುತ್ತಾಳೆ. ಇದನ್ನು ಹೇಳಿದ್ದಕ್ಕೆ ಮುಖ್ಯಸ್ಥರು ನಕ್ಕುಬಿಟ್ಟರು. ನಿಮ್ಮ ದನಿ ಅವಳಿಗೆ ರೂಢಿಯಾಗಿದೆ, ರೆಕಾರ್ಡಿಂಗ್ ಯಾರ ಮುಲಾಜಿಗೂ ಬೀಳಲ್ಲ ಅಂದರು. ಅವರೇ ಹೊಸದಾಗಿ ಸಿದ್ಧಪಡಿಸಿದ ರೆಕಾರ್ಡಿಂಗು, ಹೆತ್ತವರಿಗೆ ಹೆಗ್ಗಣ ಮುದ್ದು.

ಆ ರೆಕಾರ್ಡಿಂಗ್ ಹಾಕಿ ಮಾಡಿದ ಮೊದಲ ಪರೀಕ್ಷೆಯಲ್ಲಿ ಪುಟಾಣಿ ಮೂರಕ್ಕೂ 'ಆ' ಅಂದಿದ್ದಳಂತೆ. ತಪ್ಪು ಹೇಳಿದಳೆಂದು ಅವಳ ಅಜ್ಜಿ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ಬೈದರು. ಎರಡನೇ ಸಲ ಅವಳು ಎಲ್ಲದಕ್ಕೂ 'ಬಾ' ಅಂದಳು. ಕೇಳುವುದನ್ನು ಬಿಟ್ಟು ಮುಖ ನೋಡಿ ಊಹಿಸುವುದನ್ನು ಆ ಮಗುವಿಗೆ ನಾವೇ ಕಲಿಸಿದ್ದೆವು. ಇದು ನೆನಪಾದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಪರೀಕ್ಷೆಯ ಕೋಣೆಗೆ ಹೋಗಿ ಆ ಫೈಲುಗಳನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ತೆರೆದೆ. ಬಾಯಿಯೊಳಗಿನ ಗಾಳಿ ಅನುರಣಿಸುವ ದನಿಯ ಎತ್ತರಗಳು ಅದರಲ್ಲಿ ಕಪ್ಪು ಪಟ್ಟೆಗಳಾಗಿ ಕಾಣುತ್ತವೆ. ಅವಕ್ಕೆ ಫಾರ್ಮಂಟ್ ಅನ್ನುತ್ತೇವೆ. ಬ, ದ, ಗ ಮೂರರಲ್ಲೂ ಗಂಟಲು ಒಂದೇ ಥರ ಮಿಡಿಯುತ್ತದೆ. ಬೇರೆಯಾಗುವುದು ಬಾಯಿ ಮುಚ್ಚಿಕೊಂಡ ಜಾಗ. ತುಟಿ ಮುಚ್ಚಿದ್ದರೆ ಪಟ್ಟೆಗಳೆಲ್ಲ ಕೆಳಗಿನಿಂದ ಹೊರಟು ಏರುತ್ತಾ 'ಆ'ಗೆ ಸೇರುತ್ತವೆ. ನಾಲಿಗೆ ಹಲ್ಲಿಗೆ ತಾಗಿದ್ದರೆ ಎರಡನೇ ಪಟ್ಟೆ ಮೇಲಿನಿಂದ ಇಳಿಯುತ್ತದೆ. ನಾಲಿಗೆಯ ಹಿಂಭಾಗ ಅಂಗುಳಕ್ಕೆ ಒತ್ತಿದ್ದರೆ ಎರಡನೆಯದು ಮತ್ತು ಮೂರನೆಯದು ಹತ್ತಿರ ಹತ್ತಿರ ಹುಟ್ಟಿ, ಆಮೇಲೆ ದೂರವಾಗುತ್ತವೆ. ಈ ಏರಿಳಿತಕ್ಕೆ ಸಿಗುವುದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಅದಕ್ಕೂ ಮುಂಚೆ ಗಾಳಿ ಬಿಡುಗಡೆಯಾಗುವ ಸಣ್ಣದೊಂದು ಸಿಡಿತ. ವ್ಯಂಜನ ಯಾವುದೆಂದು ಕಿವಿಗೆ ಹೇಳುವುದು ಇವೇ.

ತೆರೆಯ ಮೇಲೆ ಆ ಏರಿಳಿತವೂ ಇರಲಿಲ್ಲ, ಸಿಡಿತವೂ ಇರಲಿಲ್ಲ. ಮೂರು ಫೈಲುಗಳಲ್ಲೂ ಪಟ್ಟೆಗಳು ಶುರುವಿನಿಂದಲೇ ನೆಟ್ಟಗೆ ಮಲಗಿದ್ದವು. ನಾನು ಸೀದಾ ಮುಖ್ಯಸ್ಥರ ಕೋಣೆಗೆ ಹೋಗಿ ಕೇಳಿದೆ. ಶುರುವಿನಲ್ಲಿ ಟಕ್ ಅನ್ನುವ ಗಲೀಜು ಇತ್ತು, ಹಾಗಾಗಿ ದನಿ ಸ್ಥಿರವಾಗುವ ಜಾಗದಿಂದ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ ಶುದ್ಧ ಮಾಡಿದೆ ಅಂದರು. ಎಲ್ಲ ಓದಿದವರು, ಪಾಠ ಮಾಡುವವರು. ಅಚ್ಚುಕಟ್ಟಿನ ಹುಚ್ಚಿನಲ್ಲಿ ಸಿಪ್ಪೆ ಅಂತ ತಿರುಳನ್ನೇ ಎಸೆದಿದ್ದರು. ನಾನು ಕೇಳಿದ್ದೇನೆ, ಸರಿಯಾಗೇ ಕೇಳಿಸುತ್ತೆ ಅಂತ ವಾದ ಬೇರೆ. ಕೇಳಿಸದೆ ಏನು, ತೆರೆಯ ಮೇಲೆ ಪ್ರತಿ ಫೈಲಿನ ಹೆಸರು ದಪ್ಪಕ್ಷರದಲ್ಲಿ ಇರುತ್ತದಲ್ಲ.

ಅವರನ್ನು ಪರೀಕ್ಷೆಯ ಕೋಣೆಗೆ ಕರೆತಂದೆ. ಹೊರಗೆ ಬೆಂಚಿನ ಮೇಲೆ ಪುಟಾಣಿಯನ್ನು ಕೂರಿಸಿಕೊಂಡಿದ್ದ ಅಜ್ಜಿಯನ್ನೂ ಒಳಗೆ ಕರೆದೆ. ಮುಖ್ಯಸ್ಥರನ್ನು ಮಗುವಿನ ಪುಟ್ಟ ಕುರ್ಚಿಯಲ್ಲಿ, ತೆರೆಗೆ ಬೆನ್ನು ಮಾಡಿ ಕೂರಿಸಿದೆ.

"ಏನು ಕೇಳುತ್ತೋ ಅದನ್ನೇ ಹೇಳಿ ಸರ್," ಅಂದೆ.

ಮೊದಲನೆಯದಕ್ಕೆ 'ಬಾ ಇರಬೇಕು' ಅಂದರು. ಅದು ಗಾ. ಎರಡನೆಯದಕ್ಕೆ ಮತ್ತೆ ಹಾಕಿ ಅಂದರು. ಹಾಕಿದೆ, ಇನ್ನೊಮ್ಮೆ ಹಾಕಿದೆ. ಅವರ ಕುತ್ತಿಗೆ ಬೆವರಿತು.

"ಆ," ಅಂದರು ಕೊನೆಗೆ, ಮೆಲ್ಲಗೆ.

"ಪುಟಾಣಿಯೂ ಅದನ್ನೇ ಹೇಳಿದ್ದು. ನೀವು ಸೊನ್ನೆ ಹಾಕಿದ್ರಿ."

ವರದಿ ಹಿಂದಕ್ಕೆ ತಗೋತೀನಿ ಅಂತ ಅವರು ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಈ ರೆಕಾರ್ಡಿಂಗಿನಲ್ಲಿ ಫೇಲಾಗಿ ಮನೆಗೆ ಹೋದ ಮಕ್ಕಳೆಲ್ಲ ವಾಪಸ್ ಬರಬೇಕು, ನೀವೇ ಫೋನ್ ಮಾಡಿ ಕರೆಯಬೇಕು ಅಂದೆ. ಸಭೆ ಮುಗಿಯಲಿ ಅಂದರು. ಸಭೆಯಲ್ಲೇ ಹೇಳುತ್ತೀರಿ ಅಂದೆ. ನನ್ನ ದನಿ ಕಾರಿಡಾರಿಗೆಲ್ಲ ಕೇಳಿರಬೇಕು, ಕೇಳಲಿ. ಅವರು ತಲೆ ಆಡಿಸಿದ ಮೇಲೇ ದಾರಿ ಬಿಟ್ಟೆ.

ಆಮೇಲೆ ಕತ್ತರಿಸದ ಮೂಲ ರೆಕಾರ್ಡಿಂಗ್ ಹುಡುಕಿ, ಪುಟಾಣಿಯನ್ನು ಅದೇ ಕುರ್ಚಿಯಲ್ಲಿ ಕೂರಿಸಿ 'ಗಾ' ಹಾಕಿದೆ. ಅವಳು ಬಾಯಿ ತೆರೆದವಳು ಮುಚ್ಚಿಕೊಂಡಳು. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಯಾವ ಉತ್ತರಕ್ಕೆ ಬೈಗುಳ ಬೀಳುವುದಿಲ್ಲ ಅಂತ ಹುಡುಕುತ್ತಾ.

ಅಜ್ಜಿಗೆ ಅರ್ಥವಾಯಿತು. "ನಿಂಗೆ ಕೇಳಿದ್ದು ಹೇಳು ಕಂದ. ನಾನು ನೋಡಲ್ಲ," ಅಂದವರು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತರು. ನಾನೂ ತಿರುಗಿದೆ.

"ಗಾ," ಅಂದಿತು ನಮ್ಮ ಬೆನ್ನ ಹಿಂದೆ ಆ ದನಿ.