ಐದು ಸಾವಿರದ ಚಿಲ್ಲರೆ ಪೆಟ್ಟಿಗೆ

ರಬಕವಿಯ ನಮ್ಮ ನೇಕಾರರ ಸಂಘದಲ್ಲಿ ಲಕ್ಷಗಟ್ಟಲೆ ನೂಲಿನ ವ್ಯವಹಾರಕ್ಕೆ ಎಂದೂ ಜಗಳವಾಗಿಲ್ಲ. ಜಗಳವೆಲ್ಲ ಚಹಾದ ದುಡ್ಡಿಗೆ. ಗೋದಾಮಿನ ಲೆಕ್ಕ ಬರೆಯುವ ನನ್ನ ಕುರ್ಚಿಯಿಂದ ಆಫೀಸಿನ ಮೇಜು ನೇರ ಕಾಣುತ್ತದೆ, ಆದ್ದರಿಂದ ಹೇಳುತ್ತಿದ್ದೇನೆ.

ಚೇರ್ಮನ್ ಮುದಕಪ್ಪನವರಿಗೆ ಮೂರು ಸೀರೆ ಅಂಗಡಿ. ಜೇಬಿನಲ್ಲಿ ರೊಕ್ಕ ಇಟ್ಟರೆ ಅಂಗಿಯ ಇಸ್ತ್ರಿ ಕೆಡುತ್ತದೆಂದು ಅವರು ನಂಬಿದ್ದರು. ಹಾಗಾಗಿ ಸಂಘದ ರೊಕ್ಕವನ್ನೇ ಬಳಸುತ್ತಿದ್ದರು. ಮಂಗಳವಾರ, ಶುಕ್ರವಾರ ಪೆಟ್ಟಿಗೆಯಿಂದ ಲಕ್ಷ್ಮಿ ಹೊರಗೆ ಹೋಗಬಾರದೆಂದು ಹಮಾಲರನ್ನು ಬರಿಗೈಯಲ್ಲಿ ಕಳಿಸಿ, ಅದೇ ದಿನ ತಾವು ಐನೂರು ಎತ್ತುತ್ತಿದ್ದರು. "ನಂದು ಕೈಗಡ. ಹೊಳ್ಳಿ ಬರೂ ಲಕ್ಷ್ಮಿ ಅದು" ಎನ್ನುತ್ತಿದ್ದರು. ಹೊಳ್ಳಿ ಬಂದದ್ದನ್ನು ನಾನಂತೂ ನೋಡಿಲ್ಲ.

ಜಮಖಂಡಿಯಿಂದ ಬರುವ ಆಡಿಟರ್ ಗಂಗಾಂಬಿಕಾ ಮೇಡಂ ಹೋದ ವರ್ಷ ಇದನ್ನು ಕಂಡು ಹಣೆ ಒತ್ತಿಕೊಂಡು, ಇಂಪ್ರೆಸ್ಟ್ ಪದ್ಧತಿ ಮಾಡಿರೆಂದು ಬರೆಸಿದರು. ಅಂದರೆ ಚಿಲ್ಲರೆ ಖರ್ಚಿಗೆ ಐದು ಸಾವಿರ ನಿಗದಿ. ಪೆಟ್ಟಿಗೆಗೆ ಒಬ್ಬರೇ ಜವಾಬ್ದಾರರು. ಕೊಟ್ಟ ಪ್ರತಿ ರೂಪಾಯಿಗೂ ಬಿಲ್ಲು ಲಗತ್ತಿಸಿದ ವೋಚರ್, ಇಸಿದುಕೊಂಡವರ ಸಹಿ. ಯಾವ ಗಳಿಗೆಯಲ್ಲಿ ತೆರೆದು ನೋಡಿದರೂ ಇದ್ದ ನಗದು, ಆದ ವೋಚರ್ ಕೂಡಿಸಿದರೆ ಐದು ಸಾವಿರವೇ ಆಗಬೇಕು.

ಕೀಲಿ ಹೊಸದಾಗಿ ಬಂದ ಅಕ್ಷತಾಳ ಕೈಗೆ ಬಂತು. ಬಿ.ಕಾಂ. ಓದಿದ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆದರೆ ಪಗಾರ ದುಪ್ಪಟ್ಟು. ಮನೆಯಲ್ಲಿ ತಾಯಿ ಸತ್ಯವ್ವ ಬಾಡಿಗೆ ಮಗ್ಗದ ಮೇಲೆ ಬೆನ್ನು ಬಗ್ಗಿಸಿದ್ದಳು. ಅವಳನ್ನು ಆ ಮಗ್ಗದಿಂದ ಇಳಿಸಬೇಕೆಂಬುದೊಂದೇ ಈ ಹುಡುಗಿಯ ಹಟ. ಕಾಯಂ ಆದೇಶ ಚೇರ್ಮನ್ನರ ಡ್ರಾವರಿನಲ್ಲಿ ಸಹಿಯಿಲ್ಲದೆ ಮಲಗಿತ್ತು.

ಮೊದಲ ತಿಂಗಳ ಕೊನೆಗೆ ಅಕ್ಷತಾ ಚಹಾ, ಟಂಟಂ ಗಾಡಿಯ ಬಾಡಿಗೆ, ಝೆರಾಕ್ಸ್, ಹಮಾಲಿ ಎಂದು ಬೇರೆ ಬೇರೆ ಅಂಕಣ ಕೂಡಿಸಿ, ಮೂರು ಸಾವಿರದ ಆರುನೂರಾ ನಲವತ್ತಕ್ಕೆ ಚೆಕ್ ಕೇಳಿದಳು.

"ಐದು ಸಾವಿರಾನ ಬರಕೋ ತಂಗಿ. ಹರಕು ಮುರುಕು ಲೆಕ್ಕ ಯಾಕ?" ಎಂದರು ಮುದಕಪ್ಪ.

"ಪೆಟ್ಟಿಗ್ಯಾಗ ಇನ್ನೂ ಹದಿಮೂರನೂರಾ ಅರವತ್ತು ಐತ್ರಿ ಸರ. ಖರ್ಚಾದಷ್ಟ ತುಂಬಿದ್ರ ಮತ್ತ ಐದು ಸಾವಿರ ಆಕ್ಕೈತಿ. ಹೆಚ್ಚಾದ್ರೂ ತಪ್ಪರಿ, ಕಡಿಮಿ ಆದ್ರೂ ತಪ್ಪರಿ."

"ಲಕ್ಷ್ಮಿ ಹೆಚ್ಚಾದ್ರ ತಪ್ಪನ್ನೂ ಶಾಸ್ತ್ರ ಇವತ್ತ ಕೇಳಿದೆ" ಎಂದು ಅವರು ನಕ್ಕರು. ಆದರೆ ಚೆಕ್ಕಿಗೆ ಎರಡು ಸಹಿ ಬೇಕು. ಎರಡನೆಯ ಸಹಿಯ ಖಜಾಂಚಿ ಹಾಲೇಶ ವೋಚರಿನ ಮೊತ್ತದಷ್ಟೇ ಬರೆದ. ಹಾಲೇಶನಿಗೆ ಧೈರ್ಯ ಇದೆಯೆಂದಲ್ಲ, ಆಡಿಟರ್ ಭಯ ಜಾಸ್ತಿ.

ಚೇರ್ಮನ್ನರ ಕೈಗಡ ಮಾತ್ರ ನಿಲ್ಲಲಿಲ್ಲ. ಕಾಯಂ ಆಗದ ಹುಡುಗಿ ಹೇಗೆ ಇಲ್ಲವೆಂದಾಳು? ಕೊಟ್ಟಳು. ಪ್ರತಿ ಸಲ ಚೀಟಿ ಬರೆಸಿ ಸಹಿ ಹಾಕಿಸಿಕೊಂಡಳು, ಆದರೆ ಖರ್ಚಿಗೆ ಬರೆಯಲಿಲ್ಲ. ಖರ್ಚಲ್ಲದ್ದಕ್ಕೆ ಚೆಕ್ ಬರುವುದಿಲ್ಲ. ಪೆಟ್ಟಿಗೆಯೊಳಗೆ ಚೀಟಿ ಬೆಳೆಯಿತು, ನಗದು ಸೊರಗಿತು.

ಆ ಹೊತ್ತಿಗೆ ಸರಿಯಾಗಿ ಹುಬ್ಬಳ್ಳಿಯಿಂದ ಸೀರೆಯ ದೊಡ್ಡ ವ್ಯಾಪಾರಿಗಳು ಬಂದರು. ಮುದಕಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಎಲ್ಲಾರಿಗೂ ಮಿರ್ಚಿಭಜಿ, ಸ್ಪೆಷಲ್ ಚಾ" ಎಂದು ಕೂಗಿದರು.

ಅಕ್ಷತಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅರವತ್ತು ರೂಪಾಯಿ ಐತ್ರಿ ಸರ."

"ತುಂಬಿಸ್ಕೊ ಮತ್ತ."

"ಹಾಲೇಶ ಸರ ಮುಧೋಳಕ್ಕ ಹೋಗ್ಯಾರ್ರಿ. ಸಹಿ ಇಲ್ಲ. ಉಳಿದದ್ದು ವೋಚರ್, ನಿಮ್ಮ ಚೀಟಿ ಅದಾವ್ರಿ."

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಚಹಾದ ಜಕ್ಕಪ್ಪ ಸಂಘಕ್ಕೆ ಉದ್ರಿ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನು ಮುದಕಪ್ಪನವರ ಮೂಗಿನ ಕೆಳಗೆ ಸ್ಕ್ಯಾನರ್ ಹಲಗೆ ಹಿಡಿದು ನಿಂತ. ಬಂದವರೆಲ್ಲ ನೋಡುತ್ತಿದ್ದರು. ಚೇರ್ಮನ್ನರು ಜೀವಮಾನದಲ್ಲಿ ಮೊದಲ ಸಲ ಸ್ವಂತ ದುಡ್ಡಿನ ಚಹಾ ಕುಡಿದರು.

ಸಂಜೆ ಅಕ್ಷತಾಳನ್ನು ಕರೆದರು. "ಮೂರೂವರಿ ಸಾವಿರದ ಚೀಟಿ ಹರದ ಒಗಿ. ಅತಿಥಿ ಸತ್ಕಾರ ಅಂತ ವೋಚರ್ ಮಾಡು, ಬಿಲ್ಲ ನಾ ತರಿಸ್ತೇನಿ. ನಿನ್ನ ಆರ್ಡರ್ ನನ್ನ ಡ್ರಾವರಿನ್ಯಾಗ ಐತಿ, ನೆನಪಿರಲಿ."

ಅವಳು ಗೋದಾಮಿಗೆ ಬಂದು ನೂಲಿನ ಗಂಟಿನ ಮೇಲೆ ಕೂತಳು. "ಕಾಕಾ, ಸಹಿ ನಂದ ಬೀಳ್ತೈತಿ. ಸಿಕ್ಕಿಬಿದ್ರ ಕಳ್ಳಿ ನಾನ. ಮಾಡ್ಲಿಲ್ಲಂದ್ರ ಕೆಲಸ ಹೋಗ್ತೈತಿ, ಅವ್ವ ಮಗ್ಗದ ಮ್ಯಾಲ ಉಳೀತಾಳ" ಎಂದು ಅತ್ತಳು. ಮರುದಿನ ಅವಳೇ ಹೋಗಿ ಆಗುವುದಿಲ್ಲ ಎಂದು ಹೇಳಿ ಬಂದಳು.

ಮುದಕಪ್ಪ ನಿರ್ದೇಶಕರ ಸಭೆ ಕರೆದರು. "ಹುಡುಗಿಗೆ ಪೆಟ್ಟಿಗಿ ನಡಸಾಕ ಬರೂದಿಲ್ಲ, ಬಂದವ್ರ ಮುಂದ ಸಂಘದ ಮರ್ಯಾದಿ ಹೋತು. ಇನ್ನ ಮ್ಯಾಲ ಪೆಟ್ಟಿಗಿ ನನ್ನ ಕಡೆ ಇರಲಿ" ಎಂದರು. ಬೆಕ್ಕು ಹಾಲಿಗೆ ಕಾವಲು ಕೂರುತ್ತೇನೆ ಎಂದರೆ ನಮ್ಮ ನಿರ್ದೇಶಕರು ಭೇಷ್ ಎನ್ನುವವರು. ಎಲ್ಲರೂ ಕೈ ಎತ್ತಿದರು.

"ಎಣಿಸಿ ಕೊಡ್ತೇನ್ರಿ" ಎಂದಳು ಅಕ್ಷತಾ.

ಹಾಲೇಶ ಓದಿದ. ನಗದು ಅರವತ್ತು, ವೋಚರ್ ಹದಿನಾಲ್ಕುನೂರಾ ನಲವತ್ತು, ಕೈಗಡದ ಚೀಟಿ ಮೂರು ಸಾವಿರದ ಐನೂರು. ಒಟ್ಟು ಐದು ಸಾವಿರ.

"ಬರೋಬ್ಬರಿ ಐತೆಲ್ಲ" ಎಂದು ಮುದಕಪ್ಪ, ಐದು ಸಾವಿರದ ಚಿಲ್ಲರೆ ಪೆಟ್ಟಿಗೆಯನ್ನು ವಹಿಸಿಕೊಂಡಿದ್ದೇನೆ ಎಂಬ ಕಾಗದಕ್ಕೆ ಉದ್ದನೆಯ ಸಹಿ ಎಳೆದರು. ಸಾಲಗಾರನೇ ತನ್ನ ಸಾಲಪತ್ರವನ್ನು ರೊಕ್ಕವೆಂದು ಇಸಿದುಕೊಂಡದ್ದು ಆ ಕೋಣೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ವೋಚರಿಗೆ ಚೆಕ್ ಬಂತು, ಪೆಟ್ಟಿಗೆಯಲ್ಲಿ ಒಂದೂವರೆ ಸಾವಿರ ನಗದಾಯಿತು. ಚೀಟಿ ಬರೆಯುವ ಕಾಟವೂ ಇಲ್ಲದ ಸುಖ. ಅದು ವಾರದಲ್ಲಿ ಕರಗಿತು. ಒಂದು ವೋಚರೂ ಇಲ್ಲ, ಬಿಲ್ಲೂ ಇಲ್ಲ.

ಗಂಗಾಂಬಿಕಾ ಮೇಡಂ ಹೇಳದೆ ಕೇಳದೆ ಬಂದು ಪೆಟ್ಟಿಗೆ ತೆರೆಸಿದರು. ಒಳಗೆ ಚೀಟಿಗಳಷ್ಟೇ ಇದ್ದವು.

"ಇವು ಯಾರವ್ರಿ?"

"ನನ್ನವ."

"ಪೆಟ್ಟಿಗಿ ಜವಾಬ್ದಾರಿ ಯಾರದ್ರಿ?"

"ನಂದ."

"ಅಂದ್ರ ನಿಮಗ ನೀವ ಸಾಲಾ ಕೊಟ್ಟೀರಿ. ಕೈಗಡ ಖರ್ಚಲ್ಲರಿ ಯಜಮಾನ್ರ. ಉಳಿದ ಒಂದೂವರಿ ಸಾವಿರಕ್ಕ ವೋಚರ್ ಇಲ್ಲ. ವಹಿಸ್ಕೊಂಡೇನಿ ಅಂತ ಸಹಿ ಮಾಡಿದ್ದು ಐದು ಸಾವಿರಕ್ಕ."

"ಸಣ್ಣ ರೊಕ್ಕಕ್ಕ ಇಷ್ಟ್ಯಾಕ್ರಿ ಮೇಡಂ."

"ತುಂಬಿದ್ರ ತುಂಬ್ಯಾರ ಅಂತ ಬರೀತೇನಿ. ತುಂಬಲಿಲ್ಲಂದ್ರ ತುಂಬಿಲ್ಲ ಅಂತ ಬರೀತೇನಿ. ಬರಿಯೂದಂತೂ ಬರೀತೇನಿ" ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು.

ಅಂಗಡಿಯಿಂದ ಐದು ಸಾವಿರ ತರಿಸಿ, ಮುದಕಪ್ಪ ತಮ್ಮ ಕೈಯಿಂದಲೇ ಪೆಟ್ಟಿಗೆಗೆ ಹಾಕಿದರು. ನೋಡಿ ನನಗೆ ಸಂತೋಷವಾಯಿತು, ಮುಚ್ಚಿಡುವುದೇನು. ಬೆವರು ಒರೆಸಿಕೊಂಡು ಅವರು ಪೆಟ್ಟಿಗೆಯನ್ನು ಅಕ್ಷತಾಳ ಮೇಜಿಗೆ ತಳ್ಳಿದರು. "ತಗೋ ತಂಗಿ, ನೀನ ನಡಸು. ನನಗ ಬ್ಯಾಡ ಈ ಪೀಡೆ."

ಅವಳು ಮುಟ್ಟಲಿಲ್ಲ.

"ಕಾಯಂ ಇಲ್ಲದಾಕಿಗೆ ಇಷ್ಟ ದೊಡ್ಡ ಜವಾಬ್ದಾರಿ ಹೆಂಗ ಕೊಡ್ತೀರಿ ಸರ? ಮೊದಲ ಡ್ರಾವರ್ ತಗೀರಿ. ಸಹಿ ಆದಮ್ಯಾಲ ಎಣಿಸ್ಕೊತೇನಿ."

ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಮುದಕಪ್ಪ ಡ್ರಾವರ್ ಎಳೆದರು.